ಲಾಭ ಅಂತ ಬರೀಬೇಡಿ, ಆದ್ರೆ ಕಾಣ್ಬೇಕು

ತುಮಕೂರಿನ ಅಶೋಕ ರಸ್ತೆಗೆ ಸೇರುವ ಒಂದು ಸಂದಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಮೊದಲೆಲ್ಲ ಲಗ್ನಪತ್ರಿಕೆ, ತಿಥಿ ಕಾರ್ಡು, ಗೃಹಪ್ರವೇಶ ಅಂತ ಕೈತುಂಬ ಕೆಲಸ ಇರುತ್ತಿತ್ತು. ಈಗ ಜನ ಅದನ್ನೆಲ್ಲ ಫೋನಿನಲ್ಲೇ ಮಾಡಿಕೊಳ್ಳುತ್ತಾರೆ. ಹಾಗಾಗಿ ನಾನು ಕ್ಯಾಪ್ಶನ್ ಬರೆಯುವವನಾಗಿದ್ದೇನೆ. ಇನ್‌ಸ್ಟಾಗ್ರಾಮ್‌ಗೆ ಹಾಕುವ ಆರು ಸಾಲಿಗೆ 300 ರೂಪಾಯಿ. ಕಾಗುಣಿತ ಸರಿ ಇರಬೇಕು ಅಂದರೂ ರೇಟು ಅಷ್ಟೇ.

ಒಂದು ದಿನ ಬೆಂಗಳೂರಿನಿಂದ ಒಬ್ಬ ಹುಡುಗ ಬಂದ. ಕುತ್ತಿಗೆಗೆ ಐಡಿ ಕಾರ್ಡು, ಕಾಲಿಗೆ ಬಿಳಿ ಶೂ. ಅವನದು ಒಂದು ತಿಂಡಿ ಕಂಪನಿ. ಮೊಮೊ, ಮಸಾಲೆ ಉದುರಿಸಿದ ಆಲೂಗಡ್ಡೆ ಫ್ರೈಸ್, ಮೇಲೆ ಚೀಸ್ ಸುರಿದ ನಿಪ್ಪಟ್ಟು. ನಿಪ್ಪಟ್ಟಿಗೆ ಇಂಥ ಕಾಲ ಬರುತ್ತೆ ಅಂತ ನಮ್ಮಜ್ಜಿ ಅಂದುಕೊಂಡಿರಲಿಲ್ಲ. ನಮ್ಮೂರಲ್ಲಿ ಫ್ರಾಂಚೈಸಿ ಕೊಡ್ತಾರಂತೆ, ಅದಕ್ಕೊಂದು ಕನ್ನಡ ಕ್ಯಾಪ್ಶನ್ ಬೇಕಂತೆ.

"ಸರ್, ಹೂಡಿಕೆ 6ರಿಂದ 10 ಲಕ್ಷ ಅಂತ ಹಾಕಿ. ಫುಲ್ ಸಪೋರ್ಟ್ ಅಂತ ಹಾಕಿ. ಲಾಭ ಅಂತ ಮಾತ್ರ ಎಲ್ಲೂ ಬರೀಬೇಡಿ."

"ಯಾಕಪ್ಪಾ?"

"ನಮ್ಮ ವಕೀಲರು ಒಪ್ಪಲ್ಲ ಸರ್. ನಾಳೆ ಯಾರಾದ್ರೂ ಆ ಸಾಲು ಹಿಡ್ಕೊಂಡು ಕೋರ್ಟಿಗೆ ಹೋಗ್ತಾರೆ. ಬರೀಬೇಡಿ, ಆದ್ರೆ ಓದಿದವರಿಗೆ ಕಾಣ್ಬೇಕು."

ಮೂವತ್ತು ವರ್ಷದ ಅನುಭವ ನನ್ನದು. ಸತ್ತವರ ಬಗ್ಗೆ ಕಾರ್ಡಿನಲ್ಲಿ ಒಳ್ಳೆಯದನ್ನೇ ಬರೆದವನು. ಇದು ಯಾವ ದೊಡ್ಡ ಕೆಲಸ? ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ:

"ಎಷ್ಟು ದಿನ ಇನ್ನೊಬ್ಬರ ಕೈಕೆಳಗೆ? ನಿಮ್ಮ ತುಮಕೂರಿನಲ್ಲಿ ನಿಮ್ಮದೇ ಅಂಗಡಿ! ಹೂಡಿಕೆ 6ರಿಂದ 10 ಲಕ್ಷ ರೂಪಾಯಿ. ಜಾಗದ ಆಯ್ಕೆ, ತರಬೇತಿ, ಪ್ರಚಾರ, ಸಾಮಗ್ರಿ, ಎಲ್ಲಕ್ಕೂ ನಾವಿದ್ದೇವೆ. ಆಸಕ್ತರು ಇಂದೇ ಮೆಸೇಜ್ ಮಾಡಿ. (ಗಳಿಕೆ ಜಾಗ ಮತ್ತು ನಿರ್ವಹಣೆಯನ್ನು ಅವಲಂಬಿಸಿದೆ. ಲಾಭದ ಖಾತ್ರಿ ನೀಡುವುದಿಲ್ಲ.)"

ಕೊನೆಯ ಸಾಲನ್ನು ಹುಡುಗ ಕಂಸದೊಳಗೆ ಹಾಕಿಸಿದ. ಇಡೀ ರಾಜ್ಯ ಗ್ಯಾರಂಟಿ ಮೇಲೆ ನಡೀತಿರುವಾಗ ಗ್ಯಾರಂಟಿ ಇಲ್ಲ ಅಂತ ಬರೆಯೋದಕ್ಕೆ ಧೈರ್ಯ ಬೇಕು ಅಂದುಕೊಂಡೆ. 300 ರೂಪಾಯಿ ಫೋನ್‌ಪೇಗೆ ಬಿತ್ತು. ಮರೆತೆ.

ನಾಲ್ಕನೇ ದಿನ ರಾತ್ರಿ ಭಾಮೈದನ ಫೋನು. "ಭಾವ, ಒಂದೊಳ್ಳೆ ಆಫರ್ ಬಂದಿದೆ, ಕೇಳಿಸ್ಕೊಳ್ಳಿ" ಅಂದವನೇ ಓದತೊಡಗಿದ. "ಎಷ್ಟು ದಿನ ಇನ್ನೊಬ್ಬರ ಕೈಕೆಳಗೆ..." ಓದುವಾಗ ಅವನ ಗಂಟಲು ಕಟ್ಟಿತ್ತು. ನನ್ನ ಬರವಣಿಗೆಗೆ ಯಾರಾದರೂ ಹೀಗೆ ಕರಗಿದ್ದು ಅದೇ ಮೊದಲು. ಕಂಸದ ಸಾಲು ಬಂದಾಗ ಮಾತ್ರ ಅವನು ಓದದೆ "ಕೆಳಗೆ ಏನೋ ಇದೆ, ಮಾಮೂಲಿ" ಅಂದ.

ಬರೆದವನು ನಾನೇ ಅಂತ ಹೇಳಿದೆ. ಅವನಿಗೆ ಇನ್ನೂ ಖುಷಿಯಾಯಿತು. "ಹಾಗಾದ್ರೆ ಗೊತ್ತಿರೋ ಕಂಪನಿನೇ!"

ಮಾರನೇ ದಿನ ಅವನು ಕಂಪನಿಯವರು ಕಳಿಸಿದ ಕರಾರು ಪತ್ರ ತಂದ. ಹಾಳಾದ ಲಗ್ನಪತ್ರಿಕೆಗಳ ಹಿಂಭಾಗದಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆರು ಲಕ್ಷದಲ್ಲಿ ಏನೇನಿತ್ತು ಗೊತ್ತಾ? ಫ್ರಾಂಚೈಸಿ ಶುಲ್ಕ ಎರಡೂವರೆ ಲಕ್ಷ, ಯಾವ ಕಾರಣಕ್ಕೂ ವಾಪಸ್ ಇಲ್ಲ. ಕೌಂಟರ್, ಫ್ರೈಯರ್, ಫ್ರೀಜರ್ ಸೇರಿ ಎರಡೂವರೆ ಲಕ್ಷ. ಮೊದಲ ಲೋಡ್ ಮಾಲು ಒಂದು ಲಕ್ಷ. ಅಲ್ಲಿಗೆ ಆರು ಮುಗಿಯಿತು. ಅಂಗಡಿ ಇನ್ನೂ ಬಂದಿಲ್ಲ. ಅಂದರೆ ಆರು ಲಕ್ಷ ಕೊಟ್ಟವನು ಕೌಂಟರನ್ನು ಬೀದಿಯಲ್ಲಿ ಇಟ್ಟುಕೊಂಡು ನಿಲ್ಲಬೇಕು.

ಶುಲ್ಕಕ್ಕೆ, ಮೆಷಿನ್ನಿಗೆ ಶೇ 18 ಜಿಎಸ್‌ಟಿ ಸೇರಿಸಿದರೆ 90 ಸಾವಿರ. ತಿಂಗಳಿಗೆ 15 ಸಾವಿರ ಬಾಡಿಗೆಯ ಒಂದು ಮಳಿಗೆ ನೋಡಿದ್ದ, ಅದಕ್ಕೆ ಹತ್ತು ತಿಂಗಳ ಅಡ್ವಾನ್ಸ್ ಒಂದೂವರೆ ಲಕ್ಷ. ಗಿರಾಕಿ ರೂಢಿಯಾಗುವವರೆಗೆ ಮೂರು ತಿಂಗಳು ಸಂಬಳ, ಬಾಡಿಗೆ ಕೈಯಿಂದ ಹಾಕಬೇಕಲ್ಲ, ಅದಕ್ಕೆ ಇನ್ನೊಂದು ಒಂದೂವರೆ. ಒಟ್ಟು 9 ಲಕ್ಷ 90 ಸಾವಿರ. ನಾನು ಬರೆದ 'ಆರರಿಂದ ಹತ್ತು' ಅನ್ನೋದರಲ್ಲಿ ಆರು ಓದೋದಕ್ಕೆ, ಹತ್ತು ಕೊಡೋದಕ್ಕೆ.

"ಜಿಎಸ್‌ಟಿ ವಾಪಸ್ ಬರುತ್ತೆ ಅಲ್ವಾ ಭಾವ?" ಅಂದ. ಬರಲ್ಲ. ಇಂಥ ತಿಂಡಿ ಅಂಗಡಿ ಗಿರಾಕಿಯಿಂದ ತಗೊಳ್ಳೋದು ಶೇ 5ರ ತೆರಿಗೆ. ಆ ದರದಲ್ಲಿ ಇರುವವರು ತಾವು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಅದರಲ್ಲಿ ಹೊಂದಿಸಿಕೊಳ್ಳುವ ಹಾಗಿಲ್ಲ. ಕೊಟ್ಟ 90 ಸಾವಿರ ಕೊಟ್ಟಂತೆಯೇ.

ಆಮೇಲೆ 'ಸಪೋರ್ಟ್'ಗೆ ಬಂದೆವು. ಜಾಗದ ಆಯ್ಕೆ ಅಂದರೆ ಅವನು ಕಳಿಸಿದ ಮಳಿಗೆಯ ಫೋಟೋಗೆ ಅವರು ಹೆಬ್ಬೆರಳು ಎತ್ತಿದ್ದರು. ತರಬೇತಿ ಮೂರು ದಿನ, ಊಟ ಸ್ವಂತದ್ದು. ಪ್ರಚಾರ ಅಂದರೆ ಕ್ಯಾಪ್ಶನ್. ಅದು ಯಾರದು ಅಂತ ಓದುಗರಿಗೆ ಗೊತ್ತೇ ಇದೆ. ಇನ್ನು ಸಾಮಗ್ರಿ ಸಪೋರ್ಟ್. ಮೊಮೊ, ಮಸಾಲೆ ಪುಡಿ, ಸಾಸು, ಕಂಪನಿ ಹೆಸರಿನ ಕಾಗದದ ತಟ್ಟೆ ಎಲ್ಲವನ್ನೂ ಅವರಿಂದಲೇ ಕೊಳ್ಳಬೇಕು, ಹೊರಗೆ ತಂದರೆ ಕರಾರು ರದ್ದು. ನಮ್ಮ ಕಡೆ ಹೀಗೆ ದಿನಾ ಒಂದೇ ಅಂಗಡಿಯಲ್ಲಿ ಕೊಳ್ಳೋದಕ್ಕೆ ವರ್ತನೆ ಅಂತಾರೆ. ಅವರು ಸಪೋರ್ಟ್ ಅಂತಾರೆ.

ತಿಂಗಳ ಲೆಕ್ಕ ಇನ್ನೂ ಚೆನ್ನಾಗಿತ್ತು. ದಿನಕ್ಕೆ 50 ಗಿರಾಕಿ, ಒಬ್ಬೊಬ್ಬರು 80 ರೂಪಾಯಿ ತಿಂದರು ಅಂತ ಇಟ್ಟುಕೊಳ್ಳೋಣ ಅಂದೆ. ತೆರಿಗೆ ಬಿಟ್ಟು ದಿನಕ್ಕೆ 4,000, ತಿಂಗಳಿಗೆ 1,20,000. ಭಾಮೈದನ ಮುಖ ಅರಳಿತು. ಕಂಪನಿಯ ಮಾಲಿಗೆ ಅವರೇ ಹೇಳಿದ ಪ್ರಕಾರ ನೂರಕ್ಕೆ 45, ಅಂದರೆ 54,000. ಅವರ ಹೆಸರು ಬಳಸಿದ್ದಕ್ಕೆ ರಾಯಲ್ಟಿ ಶೇ 6, ಅದರ ಮೇಲೆ ಜಿಎಸ್‌ಟಿ, ಸೇರಿ 8,496. ಬಾಡಿಗೆ 15,000. ಇಬ್ಬರು ಹುಡುಗರಿಗೆ 28,000. ಕರೆಂಟು, ಗ್ಯಾಸು 7,000. ಕೆಟ್ಟಿದ್ದು, ಚೆಲ್ಲಿದ್ದು, ಒರೆಸಿದ್ದು 4,000. ಕಳೆದರೆ ಉಳಿದದ್ದು 3,504 ರೂಪಾಯಿ. ಇದರಲ್ಲಿ ಭಾಮೈದನ ಸಂಬಳ ಸೇರಿಲ್ಲ. ಅವನು ಮಾಲೀಕ ತಾನೇ, ಅವನಿಗೆ ಯಾಕೆ ಸಂಬಳ?

ಬಿಡಿಸಿ ಹೇಳಿದೆ. ನೂರು ರೂಪಾಯಿ ವ್ಯಾಪಾರವಾದರೆ ಮಾಲು, ರಾಯಲ್ಟಿ ಹೋಗಿ ನಿನ್ನ ಕೈಲಿ ಉಳಿಯೋದು 48 ರೂಪಾಯಿ ಕಣಯ್ಯಾ. ಗಿರಾಕಿ ಬರಲಿ ಬಿಡಲಿ ತಿಂಗಳಿಗೆ 54,000 ಖರ್ಚು ನಿಂತಿರುತ್ತೆ. ಅದನ್ನು ಎತ್ತೋದಕ್ಕೇ ದಿನಕ್ಕೆ 47 ಜನ ಬೇಕು. ಆ 47 ಜನ ತಿನ್ನೋದು ಕಂಪನಿಗೆ, ಮಳಿಗೆ ಮಾಲೀಕನಿಗೆ, ಹುಡುಗರಿಗೆ, ಕರೆಂಟಿನವರಿಗೆ. ಕೊನೆಗೆ ಬರೋ ಮೂವರು ನಿನಗೋಸ್ಕರ ತಿಂತಾರೆ. ಮಳೆ ಬಂದ ದಿನ ಮೊದಲು ಮನೆಗೆ ಹೋಗೋರು ಆ ಮೂವರೇ.

"ಹತ್ತು ಲಕ್ಷ ಬ್ಯಾಂಕಲ್ಲಿ ಶೇ 6ರ ಬಡ್ಡಿಗೆ ಮಲಗಿದ್ರೂ ತಿಂಗಳಿಗೆ 5,000 ಬರುತ್ತಲ್ಲೋ" ಅಂದೆ.

"ಅದರಲ್ಲಿ ಬೋರ್ಡಲ್ಲಿ ಲೈಟ್ ಇರಲ್ಲ ಭಾವ" ಅಂದ. ಅದೂ ನಿಜವೇ.

ಈ ಲೆಕ್ಕದಲ್ಲಿ ನಗು ಬಂದದ್ದು ಕಂಪನಿ ಕಡೆಯ ಕಾಲಂ ನೋಡಿದಾಗ. ರಾಯಲ್ಟಿ ಇರೋದು ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ಭಾಮೈದ ಕೈ ಸುಟ್ಟುಕೊಂಡ ತಿಂಗಳೂ ಅದು ಹೋಗಬೇಕು. ನಾವು ಹಾಕಿದ ವ್ಯಾಪಾರಕ್ಕೆ ಜಿಎಸ್‌ಟಿ ಬಿಟ್ಟು 7,200. ಮಾಲಿನಲ್ಲಿ ಅವರು ನೂರಕ್ಕೆ ಹದಿನೈದು ಇಟ್ಟುಕೊಂಡರೂ ಇನ್ನೊಂದು 8,100. ಎರಡೂ ಸೇರಿ 15,300. ಎಣ್ಣೆ ಮುಂದೆ ನಿಂತವನಿಗೆ 3,504, ಬೆಂಗಳೂರಲ್ಲಿ ಎಸಿ ಕೆಳಗೆ ಕೂತವರಿಗೆ 15,300. ಲಾಭದ ಖಾತ್ರಿ ಇಲ್ಲ ಅಂತ ಬರೆದೆನಲ್ಲ, ಯಾರ ಲಾಭ ಅಂತ ಬರೆಯೋದು ಮರೆತಿದ್ದೆ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಹೆದ್ದಾರಿಯಲ್ಲಿ ಹೋಗೋರೆಲ್ಲ ಕಾರು ನಿಲ್ಲಿಸ್ತಾರೆ. ಅಲ್ಲಿ ಇಡ್ಲಿ ಹಾಕುವವರು ಅಕ್ಕಿಯನ್ನು ಯಾವ ಹೆಡ್ ಆಫೀಸಿನಿಂದಲೂ ತರಿಸೋದಿಲ್ಲ. ಇದನ್ನು ಹೇಳಿದೆ. "ಅದು ಹಳೇ ಕಾಲ ಭಾವ, ಈಗ ಬ್ರ್ಯಾಂಡ್" ಅಂದ.

ಕೊನೆಗೆ ಒಂದೇ ಒಂದು ಕೆಲಸ ಮಾಡು ಅಂದೆ. ಕಂಪನಿಗೆ ಫೋನ್ ಮಾಡಿ, ಎಷ್ಟು ಅಂಗಡಿ ತೆರೆದಿದ್ದೀರಿ ಅಂತ ಕೇಳಬೇಡ, ಎಷ್ಟು ಮುಚ್ಚಿದವು ಅಂತ ಕೇಳು. ಮುಚ್ಚಿದವರ ನಂಬರ್ ಕೇಳು. ಸ್ಪೀಕರ್ ಹಾಕಿ ಮಾಡಿದ. ಆ ಕಡೆ ಬಿಳಿ ಶೂ ಹುಡುಗನೇ.

"ಸರ್, ಮುಚ್ಚಿದ್ದು ಅಂತ ಇಲ್ಲ. ಕೆಲವು ಶಿಫ್ಟ್ ಆಗಿವೆ."

"ಎಲ್ಲಿಗೆ?"

"ಡೇಟಾ ಕಾನ್ಫಿಡೆನ್ಷಿಯಲ್ ಸರ್."

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವನು ಸಹಿಗೆ ಕನಿಷ್ಠ 14 ದಿನ ಮೊದಲು ಒಂದು ದಾಖಲೆ ಕೊಡಲೇಬೇಕು. ಎಷ್ಟು ಮಳಿಗೆ ಮುಚ್ಚಿದವು, ಬಿಟ್ಟುಹೋದವರು ಯಾರು ಅನ್ನೋದೂ ಅದರಲ್ಲಿ ಇರಬೇಕು. ನಮ್ಮಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ನಮ್ಮಲ್ಲಿ ಇರೋದು ಕಂಸ.

ಭಾಮೈದ ಎರಡು ದಿನ ಸಪ್ಪಗಿದ್ದ. ನನ್ನ ಹೆಂಡತಿ "ನನ್ನ ತಮ್ಮ ಮುಂದೆ ಬರೋದು ನಿಮಗೆ ಇಷ್ಟ ಇಲ್ಲ" ಅಂದಳು. ಆ ಲೆಕ್ಕ ಲಗ್ನಪತ್ರಿಕೆಯ ಹಿಂದೆ ಹಿಡಿಸಲ್ಲ.

ಅದೇ ವಾರ ಗುಬ್ಬಿ ಕಡೆಯಿಂದ ಒಬ್ಬರು ಅಂಗಡಿಗೆ ಬಂದರು. ನಡುವಯಸ್ಸಿನವರು, ಶರ್ಟಿನ ತೋಳಿನ ಮೇಲೆ ಎಣ್ಣೆ ಕಲೆ. ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಅದೇ ಕೌಂಟರ್, ಅದೇ ಫ್ರೈಯರ್, ಅದೇ ಚೀಸ್ ನಿಪ್ಪಟ್ಟಿನ ಬೋರ್ಡು. ಶಿಫ್ಟ್ ಆದವರಲ್ಲಿ ಒಬ್ಬರು.

"ಸ್ವಾಮಿ, ಇದನ್ನ ಮಾರಬೇಕು. ಒಂದು ಕ್ಯಾಪ್ಶನ್ ಬರ್ಕೊಡಿ. ನಷ್ಟ ಅಂತ ಮಾತ್ರ ಬರೀಬೇಡಿ."

ಬರೆದೆ. "ಚಾಲ್ತಿಯಲ್ಲಿರುವ ತಿಂಡಿ ಮಳಿಗೆ, ಪೂರ್ತಿ ಸೆಟಪ್ ಸಹಿತ ಅರ್ಧ ಬೆಲೆಗೆ. ಮಾಲೀಕರು ಬೇರೆ ಊರಿಗೆ ಹೋಗುತ್ತಿರುವುದರಿಂದ." ಅವರಿಗೆ 200ಕ್ಕೆ ಮಾಡಿಕೊಟ್ಟೆ. ಫೋನಿನಲ್ಲಿ ಅಲ್ಲೇ ಹಾಕಿ ಹೋದರು.

ರಾತ್ರಿ ಊಟಕ್ಕೆ ಕೂತಿದ್ದೆ. ಫೋನ್ ಬಡಿದುಕೊಂಡಿತು.

"ಭಾವ, ಒಂದೊಳ್ಳೆ ಆಫರ್ ಬಂದಿದೆ. ಅರ್ಧ ರೇಟು!"