ಠೇವಣಿ ಇದ್ದರೆ ಬ್ಯಾಂಕಿಗೆ ಧೈರ್ಯ, ನಮಗಲ್ಲ

‘ಎಫ್‌ಡಿ ಬ್ಯಾಂಕಿನಲ್ಲೇ ಇದೆ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವುದು ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ.’

ಈ ಮಾತು ನಂಬಿಯೇ ನನ್ನ ತಮ್ಮ ಕೆಟ್ಟದ್ದು. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಸಾಲದ ಇತಿಹಾಸವೇ ಇಲ್ಲ. 25,000 ರೂಪಾಯಿ ಠೇವಣಿ ಇಟ್ಟು, ಅದರ ಭದ್ರತೆ ಮೇಲೆ 20,000 ಮಿತಿಯ ಕ್ರೆಡಿಟ್ ಕಾರ್ಡ್ ತಗೊಂಡ. ಒಂದು ಸಲ 8,000 ಬಿಲ್ ಬಂತು. ಅಡಿಕೆ ಮಾರಿದ ಮೇಲೆ ಕಟ್ಟಿದರಾಯಿತು ಅಂತ ಸುಮ್ನೆ ಕೂತ. ಬ್ಯಾಂಕಿನವರು ಕೂಡಲೇ ಠೇವಣಿಗೆ ಕೈ ಹಾಕಲಿಲ್ಲ. ಅದು ಅವರ ಕೊನೆಯ ದಾರಿ, ನಮ್ಮ ಪರವಾಗಿ ತಾನಾಗಿ ಬಿಲ್ ಕಟ್ಟುವ ಖಾತೆ ಅಲ್ಲವಲ್ಲ! ಕೊನೆಯ ದಿನ ಕಳೆದು ಮೂರು ದಿನ ದಾಟಿದರೆ ದಂಡವೂ ಬೀಳಬಹುದು, ‘ಬಾಕಿ’ ಎಂಬ ವರದಿಯೂ ಸಾಲದ ದಾಖಲೆ ಇಡುವ ಸಿಬಿಲ್‌ಗೆ ಹೋಗಬಹುದು. ಇವನಿಗೆ ಎರಡೂ ಆಯಿತು.

ಬಡ್ಡಿ ತಿಂಗಳಿಗೆ ಶೇ. 3ರ ಲೆಕ್ಕದಲ್ಲಿ 240 ರೂಪಾಯಿ, ಅದೂ ಖರ್ಚು ಮಾಡಿದ ದಿನದಿಂದಲೇ. ವರ್ಷಕ್ಕೆ ಶೇ. 7 ಅಂದರೂ ಠೇವಣಿಯಿಂದ ತಿಂಗಳಿಗೆ ಬರುವುದು ಸುಮಾರು 145. ದುಡ್ಡು ಹೋದರೆ ಹೋಗಲಿ, ಹೊಸಬರ ವರದಿಯಲ್ಲಿ ಇರುವುದೇ ಒಂದು ಖಾತೆ, ಅದರಲ್ಲೇ ಕಪ್ಪು ಚುಕ್ಕೆ.

ನಮ್ಮಂತೆ ವರ್ಷಕ್ಕೊಮ್ಮೆ ದುಡ್ಡು ನೋಡುವವರು ಪೂರ್ತಿ ಬಿಲ್‌ಗೆ ಆಟೋ ಡೆಬಿಟ್ ಹಾಕಿಸಿ, ಆ ತಿಂಗಳ ಮೊಬೈಲ್ ರೀಚಾರ್ಜ್, ಪೆಟ್ರೋಲ್ ಇಷ್ಟಕ್ಕೇ ಕಾರ್ಡ್ ಬಳಸಿ. ಗೊಬ್ಬರಕ್ಕೆ ಮಾತ್ರ ಬೇಡ.