ಗ್ರೇ ವರ್ಲ್ಡ್ ಬಣ್ಣ ಅಳಿಸುವುದಿಲ್ಲ

"ಗ್ರೇ ವರ್ಲ್ಡ್ ವೈಟ್ ಬ್ಯಾಲೆನ್ಸ್ ಹಾಕಿದ್ರೆ ಫೋಟೋ ಪೂರ್ತಿ ಬೂದು ಆಗುತ್ತೆ."

ಹಾಗಾಗುವುದಿಲ್ಲ. ಬೆಳಕಿನಿಂದ ಫೋಟೋಗೆ ಬಂದ ಬಣ್ಣದ ಛಾಯೆಯನ್ನು ತೆಗೆಯುವ ಈ ವಿಧಾನದಲ್ಲಿ ಬೂದು ಆಗುವುದು ಇಡೀ ಚಿತ್ರದ ಸರಾಸರಿ ಮಾತ್ರ. ಹಳದಿ ಬಲ್ಬಿನ ಕೆಳಗೆ ತೆಗೆದ ಒಂದು ಫೋಟೋದಲ್ಲಿ ಸರಾಸರಿ ಕೆಂಪು 150, ಹಸಿರು 120, ನೀಲಿ 80 ಇದೆ ಅನ್ನಿ. ಮೂರೂ ಸರಾಸರಿ ಸಮವಾಗಲು, ಅಂದರೆ ಬೂದು ಆಗಲು, ಹಸಿರನ್ನು ಹಾಗೇ ಬಿಟ್ಟು, ಪ್ರತಿ ಪಿಕ್ಸೆಲ್‌ನ ಕೆಂಪನ್ನು 120/150, ಅಂದರೆ 0.8ರಿಂದ, ನೀಲಿಯನ್ನು 120/80, ಅಂದರೆ 1.5ರಿಂದ ಗುಣಿಸುತ್ತೇವೆ. ಹಳದಿಯಾಗಿ ಕಂಡ ಬಿಳಿ ಗೋಡೆ (200, 160, 107) ಈಗ ಮೂರರಲ್ಲೂ ಸುಮಾರು 160. ಕೆಂಪು ಅಂಗಿ (200, 60, 40) ಈಗ (160, 60, 60). ಇನ್ನೂ ಕೆಂಪೇ ಅಲ್ವಾ?

ನಿಜವಾದ ತೊಂದರೆ ಬೇರೆ. ಫ್ರೇಮ್ ತುಂಬ ಭತ್ತದ ಗದ್ದೆ ಇದ್ದರೆ ಸರಾಸರಿಯೇ ಹಸಿರು. ಆ ಹಸಿರು ಬೆಳಕಿನದ್ದಲ್ಲ, ಪೈರಿನದ್ದು. ಈ ವಿಧಾನಕ್ಕೆ ಅದು ಗೊತ್ತಾಗುವುದಿಲ್ಲ. ಕೆಂಪು, ನೀಲಿ ಎರಡನ್ನೂ ಜಾಸ್ತಿ ಮಾಡುತ್ತದೆ, ಗದ್ದೆಯಲ್ಲಿ ನಿಂತವರ ಬಿಳಿ ಪಂಚೆ ನೇರಳೆಗೆ ತಿರುಗುತ್ತದೆ.