ಇಡೀ ಉತ್ತರ ತುಂಬಿದ ಕಾರ್ಡು ಕಾರ್ಡೇ ಅಲ್ಲ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ, ಬರೆದೇ ಬಿಡುತ್ತೇನೆ. ಅಕ್ಕನ ಮಗಳು ಸೆಕೆಂಡ್ ಪಿಯು ಸೈನ್ಸ್. ಪರೀಕ್ಷೆಗೆ ಒಂದು ತಿಂಗಳಿದೆ. ಮೊಬೈಲಿನಲ್ಲಿ ಕಾರ್ಡುಗಳನ್ನು ದಿನ ಬಿಟ್ಟು ದಿನ ಮತ್ತೆ ಮತ್ತೆ ತೋರಿಸುವ ಆಂಕಿ ಅನ್ನೋ ಆ್ಯಪ್ ಹಾಕಿಕೊಂಡು, ಹಳೇ ಪ್ರಶ್ನೆಪತ್ರಿಕೆಗಳಿಂದ ಫ್ಲ್ಯಾಶ್‌ಕಾರ್ಡ್ ಮಾಡಿದ್ದಾಳೆ. ಒಳ್ಳೇ ಕೆಲಸವೇ. ಪಕ್ಕದಲ್ಲಿ ಕೂತು ನೋಡಿದೆ. ಕಾರ್ಡಿನ ಮುಂದೆ ಫಿಸಿಕ್ಸ್‌ನ ಐದು ಮಾರ್ಕಿನ ಪ್ರಶ್ನೆ, ಹಿಂದೆ ಗೈಡಿನ ಒಂದಿಡೀ ಪುಟದ ಫೋಟೊ. ಪ್ರಶ್ನೆ ಓದಿದಳು, ತಿರುಗಿಸಿದಳು, ಉತ್ತರದ ಮೇಲೆ ಕಣ್ಣಾಡಿಸಿದಳು, ನೆನಪಿತ್ತು ಅಂತ ಹೇಳುವ `Good` ಬಟನ್ ಒತ್ತಿದಳು.

"ಬರುತ್ತಾ?" ಅಂದೆ.

"ಬರುತ್ತೆ ಚಿಕ್ಕಮ್ಮ, ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ."

ಹಾಳೆ ಕೊಟ್ಟು ಬರಿ ಅಂದೆ. ಚಿತ್ರ ಬಿಡಿಸಿದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಕಾರ್ಡು ಮಾಡು ಅಂತ ಹೇಳುವವರು ಹೇಗೆ ಮಾಡಬೇಕು ಅಂತ ಹೇಳುವುದಿಲ್ಲವಲ್ಲ, ಸಿಟ್ಟು ಅದಕ್ಕೆ. ಉತ್ತರ ನೋಡಿ ಗುರುತು ಹಿಡಿಯುವುದು ಬೇರೆ, ನೋಡದೆ ತಲೆಯಿಂದ ತೆಗೆಯುವುದು ಬೇರೆ. ಕಾರ್ಡು ಇರುವುದು ಎರಡನೆಯದಕ್ಕೆ.

ಆ ಪ್ರಶ್ನೆ ವೀಟ್‌ಸ್ಟನ್ ಬ್ರಿಡ್ಜಿನದು: ಕಿರ್ಚಾಫ್ ನಿಯಮ ಬಳಸಿ ಸಮತೋಲನದ ಷರತ್ತು ಸಾಧಿಸಿ. ಇಬ್ಬರೂ ಕೂತು ಅದನ್ನು ಒಡೆದೆವು. ಮೊದಲ ಕಾರ್ಡು: ಬ್ರಿಡ್ಜ್ ಬರೆದು P, Q, R, S ಮತ್ತು ಕರೆಂಟುಗಳನ್ನು ಗುರುತಿಸು. ಎರಡನೆಯದು: ಯಾವ ಎರಡು ಲೂಪ್ ಹಿಡಿಯಬೇಕು? ಗ್ಯಾಲ್ವನೋಮೀಟರ್ BD ನಡುವೆ ಇದ್ದರೆ ABDA ಮತ್ತು BCDB. ಮೂರನೆಯದು: ABDA ಲೂಪಿನ ಸಮೀಕರಣ ಏನು? I₁P + I_gG − I₂R = 0. ನಾಲ್ಕನೆಯದು BCDBಗೆ. ಐದನೆಯದು: ಸಮತೋಲನದಲ್ಲಿ ಯಾವುದು ಸೊನ್ನೆ, ಆಗ ಏನು ಉಳಿಯುತ್ತದೆ? I_g ಸೊನ್ನೆ. ಉಳಿಯುವುದು I₁P = I₂R, I₁Q = I₂S. ಒಂದನ್ನು ಇನ್ನೊಂದರಿಂದ ಭಾಗಿಸಿದರೆ P/Q = R/S. ಅವಳು ಸಿಕ್ಕಿಬಿದ್ದದ್ದು ಮೂರನೆಯದರಲ್ಲಿ, I₂R ಮುಂದಿನ ಮೈನಸ್ಸಿನಲ್ಲಿ. ಲೂಪಿನಲ್ಲಿ D ಇಂದ A ಕಡೆ ಬರುವಾಗ I₂ಗೆ ಎದುರಾಗಿ ಹೋಗುತ್ತೇವೆ, ಅದಕ್ಕೇ ಮೈನಸ್. ಇಡೀ ಪುಟದ ಕಾರ್ಡಿನಲ್ಲಿ ಈ ತಪ್ಪು ಕೊನೇವರೆಗೂ ಕಾಣುತ್ತಲೇ ಇರಲಿಲ್ಲ.

ಇನ್ನು ದಿನದ ಲೆಕ್ಕ. ಆಂಕಿಯ ಹಳೇ ಪದ್ಧತಿಯಲ್ಲಿ ಒಂದು ಕಾರ್ಡಿಗೆ ಪ್ರತಿಸಲ `Good` ಒತ್ತಿದರೆ ಅದು ಮಾರನೇ ದಿನ ಬರುತ್ತದೆ, ಆಮೇಲೆ ಎರಡು ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಆಮೇಲೆ ಎರಡೂವರೆ ವಾರ ಬಿಟ್ಟು. ವರ್ಷಗಟ್ಟಲೆ ನೆನಪಿಡುವವರಿಗೆ ಇದು ಸರಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅದೇ ಕಾರ್ಡು ಎರಡೂವರೆ ವಾರ ಆಚೆ ಹೋದರೆ ಪರೀಕ್ಷೆ ಮುಗಿದ ಮೇಲೆ ಬರುತ್ತದೆ. ಅದಕ್ಕೇ ಡೆಕ್ಕಿನ ಸೆಟ್ಟಿಂಗಿನಲ್ಲಿ `Maximum interval` ಅನ್ನೋದನ್ನು 7 ಮಾಡಿ. ಪರೀಕ್ಷೆಗೆ ಮುಂಚಿನ ವಾರದಲ್ಲಿ ಪ್ರತಿ ಕಾರ್ಡೂ ಒಂದು ಸಲವಾದರೂ ಕೈಗೆ ಬರುತ್ತದೆ.

ದಿನಕ್ಕೆ 20 ಹೊಸ ಕಾರ್ಡಿನಂತೆ ಹದಿನೈದು ದಿನ ಹಾಕಿದರೆ 300. ವಾರಕ್ಕೊಮ್ಮೆ ಎಲ್ಲವೂ ಬರಬೇಕೆಂದರೆ ದಿನಕ್ಕೆ ಕಡಿಮೆ ಅಂದರೂ 43 ಕಾರ್ಡು, ತಪ್ಪಿದ್ದು ಮರಳಿ ಬರುವುದು ಬೇರೆ. ಒಂದಕ್ಕೆ ಅರ್ಧ ನಿಮಿಷವಾದರೆ ಇಪ್ಪತ್ತೆರಡು ನಿಮಿಷದ ಕೆಲಸ. ಒಂದಕ್ಕೆ ಐದು ನಿಮಿಷ ಬೇಕಾಗುವ ಪುಟದ ಕಾರ್ಡಾದರೆ ಮೂರೂವರೆ ಗಂಟೆ! ಮಿಕ್ಕ ಸಬ್ಜೆಕ್ಟು ಓದುವುದು ಯಾವಾಗ? ಕಣ್ಣಾಡಿಸಿ `Good` ಒತ್ತುವ ಚಾಳಿ ಹುಟ್ಟುವುದೇ ಇಲ್ಲಿ. ಮಕ್ಕಳು ಸೋಮಾರಿಗಳಲ್ಲ, ಕಾರ್ಡು ದೊಡ್ಡದು.

"ಅದೇ ಪ್ರಶ್ನೆ ಮತ್ತೆ ಬರುತ್ತೆ ಅಂತ ಏನು ಗ್ಯಾರಂಟಿ?" ಅಂತ ಕೇಳುವವರಿದ್ದಾರೆ. ಗ್ಯಾರಂಟಿ ಇಲ್ಲ, ಬೇಕಾಗಿಯೂ ಇಲ್ಲ. ಇದೇ ಬ್ರಿಡ್ಜನ್ನು ಐದು ಮಾರ್ಕಿಗೆ ಸಾಧಿಸಲು ಕೇಳಬಹುದು, ಒಂದು ಮಾರ್ಕಿಗೆ ಷರತ್ತು ಮಾತ್ರ ಕೇಳಬಹುದು, ಮೂರು ರೆಸಿಸ್ಟೆನ್ಸ್ ಕೊಟ್ಟು ನಾಲ್ಕನೆಯದನ್ನು ಕೇಳಬಹುದು. ಒಡೆದ ತುಂಡುಗಳು ಮೂರಕ್ಕೂ ಆಗುತ್ತವೆ. ಪುಟದ ಫೋಟೊ ಒಂದಕ್ಕೂ ಆಗುವುದಿಲ್ಲ.

ಲೆಕ್ಕಗಳ ವಿಷಯ ಮಾತ್ರ ಬೇರೆ. ಹಳೇ ಪೇಪರಿನ ಲೆಕ್ಕವನ್ನು ಹಾಗೇ ಕಾರ್ಡಿಗೆ ಹಾಕಿದರೆ ಮೂರನೇ ಸಲಕ್ಕೆ ಉತ್ತರದ ಸಂಖ್ಯೆ ಬಾಯಿಗೆ ಬಂದಿರುತ್ತದೆ, ದಾರಿ ಮರೆತಿರುತ್ತದೆ. ಪ್ರಶ್ನೆ ಓದಿ ಮುಗಿಯುವ ಮುಂಚೆಯೇ ಉತ್ತರ ಬಂದರೆ ಗೊತ್ತು ಮಾಡಿಕೊಳ್ಳಿ, ನೆನಪಾಗಿರುವುದು ಕಾರ್ಡಿನ ಮುಖ. ಅಲ್ಲಿ "ಏನೇನು ಕೊಟ್ಟಿದ್ದಾರೆ, ಯಾವ ಸೂತ್ರ, ಮೊದಲ ಹೆಜ್ಜೆ ಏನು" ಅನ್ನುವುದಷ್ಟೇ ಕೇಳಿ. ಲೆಕ್ಕವನ್ನು ಸಂಖ್ಯೆ ಬದಲಿಸಿ ಹಾಳೆಯಲ್ಲಿ ಮಾಡಿಸಿ. ಅರ್ಥವೇ ಆಗದ ಪಾಠಕ್ಕೂ ಕಾರ್ಡು ಬೇಡ. ಮೊದಲು ಪುಸ್ತಕ, ಆಮೇಲೆ ಕಾರ್ಡು.

ಕೊನೇ ಹತ್ತು ದಿನ ಹೊಸ ಕಾರ್ಡು ನಿಲ್ಲಿಸಿ, `New cards/day` ಸೊನ್ನೆ ಮಾಡಿ. ಆ ದಿನಗಳಲ್ಲಿ ಹಳೇ ಪೇಪರಿನಲ್ಲಿ ಗೊತ್ತಿಲ್ಲದ್ದು ಸಿಕ್ಕರೆ ಮೊದಲು ಪುಸ್ತಕ ಓದಲಿ, ಆಮೇಲೆ ಅದನ್ನು ಮುಚ್ಚಿ ಪೂರ್ತಿ ಉತ್ತರ ಬರೆಯಲಿ. ಆಮೇಲೆ ಕೆಂಪು ಪೆನ್ನಿನಲ್ಲಿ ತಾವೇ ಮಾರ್ಕ್ಸ್ ಹಾಕಲಿ: ಚಿತ್ರಕ್ಕೆ ಎಷ್ಟು, ಸಮೀಕರಣಕ್ಕೆ ಎಷ್ಟು, ಕೊನೇ ಸಾಲಿಗೆ ಎಷ್ಟು. ಎಲ್ಲಿ ಮಾರ್ಕ್ಸ್ ಹೋಯಿತೋ ಆ ಸಾಲನ್ನು ಮಾರನೇ ದಿನ ಇನ್ನೊಮ್ಮೆ ಬರೆಯಲಿ.